ಪ್ರಸಂಗ ಒಂದೇ, ತತ್ತ್ವ ಯಾವುದು?

ಕಾನೂನು ಪರೀಕ್ಷೆಯ ಪತ್ರಿಕೆಯಲ್ಲಿ ಐದಾರು ಸಾಲಿನ ಒಂದು ಪ್ರಸಂಗ ಕೊಟ್ಟಿರುತ್ತಾರೆ. ನದಿ ನೀರಿನ ವಿವಾದದಲ್ಲಿ ನ್ಯಾಯಮಂಡಳಿಯೊಂದು ಮೇಲಿನ ರಾಜ್ಯಕ್ಕೆ ಇಷ್ಟು ನೀರು ಬಿಡಬೇಕೆಂದು ಮಧ್ಯಂತರ ಆದೇಶ ಮಾಡುತ್ತದೆ. ತಿಂಗಳು ತುಂಬುವಷ್ಟರಲ್ಲಿ ಆ ರಾಜ್ಯ ಸುಗ್ರೀವಾಜ್ಞೆ ಹೊರಡಿಸಿ, ಯಾವ ನ್ಯಾಯಾಲಯ ಏನೇ ಆದೇಶಿಸಿದ್ದರೂ ತನ್ನ ರೈತರ ನೀರಾವರಿಯನ್ನು ತಾನು ಕಾಪಾಡುವುದಾಗಿ ಸಾರುತ್ತದೆ. ಸುಪ್ರೀಂ ಕೋರ್ಟ್ ಆ ಸುಗ್ರೀವಾಜ್ಞೆ ಸಂವಿಧಾನಕ್ಕೆ ವಿರುದ್ಧ ಎನ್ನುತ್ತದೆ. ಕೊನೆಗೆ ಪ್ರಶ್ನೆ: ಇದು ಅಧಿಕಾರ ವಿಭಜನೆಗೆ ನಿದರ್ಶನವೋ, ನ್ಯಾಯಿಕ ವಿಮರ್ಶೆಗೋ?

ಕೋರ್ಟು ಬಂತು, ಸರ್ಕಾರದ ಕಾನೂನು ಬಿತ್ತು, ಹಾಗಾಗಿ ನ್ಯಾಯಿಕ ವಿಮರ್ಶೆ ಎಂದು ಬರೆದುಬಿಡುವವರು ಬಹಳ. ಆ ಉತ್ತರ ಪೂರ್ತಿ ಸುಳ್ಳಲ್ಲ, ಆದರೆ ಕೇಳಿದ್ದಕ್ಕೆ ಕೊಟ್ಟ ಉತ್ತರವೂ ಅಲ್ಲ. ಕೋರ್ಟು ಕಾನೂನೊಂದನ್ನು ಸಂವಿಧಾನದ ಒರೆಗೆ ಹಚ್ಚಿದಾಗಲೆಲ್ಲ ಅಲ್ಲಿ ನ್ಯಾಯಿಕ ವಿಮರ್ಶೆ ಇದ್ದೇ ಇರುತ್ತದೆ. ಅದು ಕೋರ್ಟಿನ ಕೈಯಲ್ಲಿರುವ ಅಧಿಕಾರ. ಆ ಅಧಿಕಾರ ಬಳಸಿ ನೋಡಿದಾಗ ಕೋರ್ಟಿಗೆ ಕಂಡ ದೋಷ ಯಾವುದು ಎನ್ನುವುದು ಬೇರೆಯೇ ಪ್ರಶ್ನೆ. ಒಂದು ಅಂಗ ಇನ್ನೊಂದು ಅಂಗದ ಕೆಲಸಕ್ಕೆ ಕೈ ಹಾಕಿದ್ದೇ ದೋಷವಾಗಿದ್ದರೆ ಪ್ರಸಂಗ ಎತ್ತಿ ತೋರಿಸುವುದು ಅಧಿಕಾರ ವಿಭಜನೆಯನ್ನು.

ಇದನ್ನು ಗುರುತಿಸಲು ನಾನು ವಿದ್ಯಾರ್ಥಿಗಳಿಗೆ ಹೇಳಿಕೊಡುವ ಉಪಾಯ ಒಂದೇ. ಪ್ರಸಂಗದಲ್ಲಿ ಕೋರ್ಟು ಮಾತಾಡುವ ಕೊನೆಯ ಸಾಲನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಿ. ಉಳಿದ ಕಥೆಯಲ್ಲಿ ತಪ್ಪು ಕಾಣುತ್ತದೆಯೇ? ಆ ತಪ್ಪು ‘ಇದು ಇವರು ಮಾಡುವ ಕೆಲಸವಲ್ಲ’ ಎಂಬ ಬಗೆಯದೋ, ಅಥವಾ ‘ಕೆಲಸ ಇವರದೇ, ಆದರೆ ಮಾಡಿದ್ದು ಸಂವಿಧಾನ ಒಪ್ಪದ್ದು’ ಎಂಬ ಬಗೆಯದೋ? ಮೊದಲನೆಯದಾದರೆ ಅಧಿಕಾರ ವಿಭಜನೆ, ಎರಡನೆಯದಾದರೆ ನ್ಯಾಯಿಕ ವಿಮರ್ಶೆ. ಮುಚ್ಚಿದ ಸಾಲಿನಲ್ಲೇ, ಅಂದರೆ ಕೋರ್ಟಿನ ಆದೇಶದಲ್ಲೇ ತಪ್ಪು ಕೂತಿರುವ ಪ್ರಸಂಗಗಳೂ ಉಂಟು. ಅದಕ್ಕೆ ಆಮೇಲೆ ಬರುತ್ತೇನೆ.

ಹೆಸರಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಕನ್ನಡ ಪುಸ್ತಕಗಳಲ್ಲಿ ನ್ಯಾಯಿಕ ವಿಮರ್ಶೆ, ನ್ಯಾಯಾಂಗ ಪರಾಮರ್ಶೆ, ನ್ಯಾಯಾಂಗ ಪುನರ್‌ಪರಿಶೀಲನೆ ಎಂದೆಲ್ಲ ಒಂದನ್ನೇ ಕರೆಯುತ್ತಾರೆ. ಈ ಕೊನೆಯ ಹೆಸರು ಕಂಡು ಹಲವರು 137ನೇ ವಿಧಿಯ ಪುನರ್‌ಪರಿಶೀಲನಾ ಅರ್ಜಿಯನ್ನು ಎಳೆದು ತರುತ್ತಾರೆ. 137ನೇ ವಿಧಿಯಡಿ ಸುಪ್ರೀಂ ಕೋರ್ಟ್ ತನ್ನದೇ ತೀರ್ಪನ್ನು ಮತ್ತೆ ನೋಡುತ್ತದೆ. ನಾವು ಮಾತಾಡುತ್ತಿರುವುದು ಕೋರ್ಟು ಶಾಸಕಾಂಗದ ಕಾನೂನನ್ನೋ ಕಾರ್ಯಾಂಗದ ಕ್ರಮವನ್ನೋ ಸಂವಿಧಾನದ ಎದುರು ಇಟ್ಟು ನೋಡುವ ಅಧಿಕಾರದ ಬಗ್ಗೆ. ಅದರ ನೆಲೆ 13, 32, 226ನೇ ವಿಧಿಗಳಲ್ಲಿದೆ. ಶಾಸನ ಮಾಡುವ ಅರ್ಹತೆಯ ಪ್ರಶ್ನೆ ಬಂದಾಗ 245 ಮತ್ತು 246ನೇ ವಿಧಿಗಳೂ ಜೊತೆಗೂಡುತ್ತವೆ.

ಈಗ ಆ ನೀರಿನ ಪ್ರಸಂಗಕ್ಕೆ ಹೋಗೋಣ. ಅದು ಕಾಲ್ಪನಿಕವಲ್ಲ, ನಮ್ಮದೇ ಕಾವೇರಿಯದು. ಕೇಂದ್ರ ಸರ್ಕಾರ 1990ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ರಚಿಸಿತು. ತಮಿಳುನಾಡು ಮಧ್ಯಂತರ ಪರಿಹಾರ ಕೇಳಿದಾಗ, ಅದನ್ನು ಕೊಡುವ ಅಧಿಕಾರ ತನಗಿಲ್ಲವೆಂದು ಮಂಡಳಿ ಮೊದಲು ಕೈಚೆಲ್ಲಿತು. 1991ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟ್, ಮಂಡಳಿಗೆ ಒಪ್ಪಿಸಿದ ವಿಷಯದಲ್ಲಿ ಮಧ್ಯಂತರ ಪರಿಹಾರವೂ ಸೇರಿದೆ, ಅದನ್ನು ವಿಚಾರಿಸಿ ಎಂದಿತು. ಜೂನ್ 25ರಂದು ಮಂಡಳಿ, ವರ್ಷಕ್ಕೆ 205 ಟಿಎಂಸಿ ನೀರು ಮೆಟ್ಟೂರಿಗೆ ಸಿಗುವಂತೆ ಕರ್ನಾಟಕ ಬಿಡಬೇಕೆಂದು ಆದೇಶಿಸಿತು. ಸರಿಯಾಗಿ ಒಂದು ತಿಂಗಳಿಗೆ, ಜುಲೈ 25ರಂದು, ಬಂಗಾರಪ್ಪನವರ ಸರ್ಕಾರ ಕಾವೇರಿ ಕೊಳ್ಳದ ನೀರಾವರಿ ರಕ್ಷಣೆಯ ಸುಗ್ರೀವಾಜ್ಞೆ ತಂದಿತು. ನ್ಯಾಯಮಂಡಳಿಯ ಅಂತಿಮ ತೀರ್ಮಾನವೊಂದನ್ನು ಬಿಟ್ಟು, ಯಾವುದೇ ನ್ಯಾಯಾಲಯ ಅಥವಾ ಮಂಡಳಿಯ ಯಾವುದೇ ಆದೇಶದಲ್ಲಿ ಏನಿದ್ದರೂ ಸುಗ್ರೀವಾಜ್ಞೆಯದೇ ಮೇಲುಗೈ ಎಂಬ ಷರತ್ತು ಅದರಲ್ಲಿತ್ತು. ಎರಡು ದಿನದಲ್ಲಿ ರಾಷ್ಟ್ರಪತಿಗಳು 143ನೇ ವಿಧಿಯಡಿ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ನವೆಂಬರ್ 22ರಂದು ಅಭಿಪ್ರಾಯ ಬಂತು.

ಬೆರಳಿಟ್ಟು ಕೋರ್ಟಿನ ಸಾಲು ಮುಚ್ಚಿ. ಉಳಿದ ಕಥೆಯಲ್ಲಿ ಒಂದಲ್ಲ, ಎರಡು ಬಗೆಯ ತಪ್ಪು ಕಾಣುತ್ತದೆ, ಕೋರ್ಟು ಎರಡನ್ನೂ ಬೇರೆ ಬೇರೆಯಾಗಿಯೇ ಹೇಳಿದೆ. ಅಂತರರಾಜ್ಯ ನದಿ ವಿವಾದದ ತೀರ್ಮಾನಕ್ಕೆ ಸಂಸತ್ತು 262ನೇ ವಿಧಿಯಡಿ ಕಾಯ್ದೆ ಮಾಡಿಟ್ಟಿದೆ. ಆ ಕಾಯ್ದೆಯಡಿ ಹುಟ್ಟಿದ ಮಂಡಳಿಯ ಅಧಿಕಾರವನ್ನು ಒಂದು ರಾಜ್ಯದ ಶಾಸನ ಮೊಟಕು ಮಾಡಲಾರದು, ಮೇಲಾಗಿ ಈ ಸುಗ್ರೀವಾಜ್ಞೆಯ ಪರಿಣಾಮ ರಾಜ್ಯದ ಗಡಿಯಾಚೆ ಬೀಳುತ್ತದೆ. ಇದು ಶಾಸನ ಮಾಡುವ ಅರ್ಹತೆಯ ಕೊರತೆ. ಇಷ್ಟೇ ಆಗಿದ್ದರೆ ಪ್ರಸಂಗ ನ್ಯಾಯಿಕ ವಿಮರ್ಶೆಯ ಸಾದಾ ನಿದರ್ಶನವಾಗಿ ನಿಲ್ಲುತ್ತಿತ್ತು.

ಎರಡನೆಯ ತಪ್ಪು ಇದಕ್ಕಿಂತ ಆಳದ್ದು. ವ್ಯಾಜ್ಯದ ಇಬ್ಬರಲ್ಲಿ ಒಬ್ಬನಾದ ರಾಜ್ಯ, ತನ್ನ ವಿರುದ್ಧ ಬಂದ ಆದೇಶವನ್ನು ತಾನೇ ಕೂತು ರದ್ದು ಮಾಡಿಕೊಂಡಿತು. ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾಯಿತು. ಏಪ್ರಿಲ್‌ನ ಸುಪ್ರೀಂ ಕೋರ್ಟ್ ತೀರ್ಪೂ ಆ ಷರತ್ತಿನ ಅಡಿಯಲ್ಲಿ ಮುಚ್ಚಿಹೋಗುತ್ತಿತ್ತು. ತೀರ್ಪೊಂದಕ್ಕೆ ಆಧಾರವಾದ ಕಾನೂನನ್ನು ಎಲ್ಲರಿಗೂ ಅನ್ವಯಿಸುವಂತೆ ಶಾಸಕಾಂಗ ಬದಲಿಸಬಹುದು, ಆದರೆ ಇಬ್ಬರ ನಡುವೆ ಆದ ನಿರ್ದಿಷ್ಟ ತೀರ್ಪನ್ನೇ ಎತ್ತಿ ಬದಿಗಿಡುವುದು ನ್ಯಾಯಾಂಗದ ಅಧಿಕಾರವನ್ನು ಕಸಿದುಕೊಂಡಂತೆ ಎಂಬುದು ಕೋರ್ಟಿನ ನಿಲುವು. ಅಧಿಕಾರ ವಿಭಜನೆ ಪ್ರಸಂಗದೊಳಗೆ ಬರುವುದು ಇಲ್ಲಿ.

ಹಾಗಾಗಿ ಪ್ರಶ್ನೆಪತ್ರಿಕೆಯವರು ಇದೇ ಕಾವೇರಿ ಪ್ರಸಂಗವನ್ನು ಎರಡು ರೀತಿಯಲ್ಲಿ ಕತ್ತರಿಸಿ ಕೊಡಬಹುದು. ‘ಕೇಂದ್ರದ ಕಾಯ್ದೆಯಡಿಯ ಮಂಡಳಿ’, ‘ರಾಜ್ಯದ ಗಡಿಯಾಚೆ’ ಎಂಬ ಮಾತುಗಳಿಗೆ ಒತ್ತು ಕೊಟ್ಟಿದ್ದರೆ ಉತ್ತರ ಒಂದು. ‘ಆದೇಶದಲ್ಲಿ ಏನಿದ್ದರೂ’ ಎಂಬ ಷರತ್ತಿಗೆ ಒತ್ತು ಕೊಟ್ಟಿದ್ದರೆ ಇನ್ನೊಂದು. ಲೇಖನದ ಆರಂಭದಲ್ಲಿ ನಾನು ಕೊಟ್ಟ ರೂಪದಲ್ಲಿ ಇರುವುದು ಎರಡನೆಯದು, ಆದ್ದರಿಂದ ಅಲ್ಲಿಯ ಉತ್ತರ ಅಧಿಕಾರ ವಿಭಜನೆ.

ಇದೇ ಪ್ರಸಂಗದಲ್ಲಿ ಜಾರಿ ಬೀಳುವ ಜಾಗ ಇನ್ನೂ ಎರಡಿವೆ. ಕಾರ್ಯಾಂಗ ಸುಗ್ರೀವಾಜ್ಞೆಯ ಮೂಲಕ ಕಾನೂನು ಮಾಡಿದ್ದೇ ಅಧಿಕಾರ ವಿಭಜನೆಯ ಉಲ್ಲಂಘನೆ ಎಂದು ಬರೆಯುವವರಿದ್ದಾರೆ. ಅದು ತಪ್ಪು. ರಾಜ್ಯಪಾಲರಿಗೆ ಆ ಅಧಿಕಾರವನ್ನು 213ನೇ ವಿಧಿಯಲ್ಲಿ ಸಂವಿಧಾನವೇ ಕೊಟ್ಟಿದೆ. ನಮ್ಮಲ್ಲಿ ಮಂತ್ರಿಗಳು ಸದನದೊಳಗೇ ಕೂರುತ್ತಾರೆ, ಕಾರ್ಯಾಂಗ ನಿಯಮಗಳನ್ನು ರಚಿಸುತ್ತದೆ. ಮೂರು ಅಂಗಗಳ ನಡುವೆ ಗೋಡೆ ಕಟ್ಟಿದಂಥ ವಿಭಜನೆ ನಮ್ಮ ಸಂವಿಧಾನದಲ್ಲಿಲ್ಲ, ಆದರೆ ಅಂಗಗಳ ಕೆಲಸಗಳನ್ನು ಸಾಕಷ್ಟು ಬೇರ್ಪಡಿಸಲಾಗಿದೆ ಎಂದು ಸುಪ್ರೀಂ ಕೋರ್ಟ್ 1955ರಲ್ಲೇ ರಾಮ್ ಜವಾಯಾ ಕಪೂರ್ ಪ್ರಕರಣದಲ್ಲಿ ಹೇಳಿತ್ತು. ಒಂದು ಅಂಗ ಇನ್ನೊಂದರ ಮುಖ್ಯ ಕೆಲಸವನ್ನೇ ಹೊತ್ತುಕೊಂಡಾಗ ಮಾತ್ರ ತಕರಾರು. ಇನ್ನೊಂದು, ಉತ್ತರದಲ್ಲಿ 50ನೇ ವಿಧಿಯನ್ನು ಮಂತ್ರದಂತೆ ಬರೆಯುವುದು. ಆ ವಿಧಿ ಹೇಳುವುದು ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸುವ ಬಗ್ಗೆ ಮಾತ್ರ, ಅದೂ ರಾಜ್ಯನೀತಿಯ ನಿರ್ದೇಶಕ ತತ್ತ್ವವಾಗಿ. ಶಾಸಕಾಂಗ ತೀರ್ಪನ್ನು ತಳ್ಳಿಹಾಕಿದ ಪ್ರಸಂಗಕ್ಕೆ ಅದು ನೇರ ಆಧಾರವಲ್ಲ.

ಜೊತೆಗೆ, ಕಾವೇರಿಯ ವಿಷಯದಲ್ಲಿ ‘ಕೋರ್ಟ್ ರದ್ದುಪಡಿಸಿತು’ ಎಂದು ಬರೆಯಬೇಡಿ. 143ನೇ ವಿಧಿಯಡಿ ಕೋರ್ಟು ಕೊಟ್ಟದ್ದು ಸಲಹಾ ಅಭಿಪ್ರಾಯ. ಅಸಾಂವಿಧಾನಿಕ ಎಂದು ಅಭಿಪ್ರಾಯಪಟ್ಟಿತು ಎನ್ನುವುದೇ ಸರಿಯಾದ ಮಾತು.

ತೀರ್ಪು ಬಂದ ಮೇಲೆ ಶಾಸಕಾಂಗ ಹೊಸ ಕಾನೂನು ಮಾಡಿದರೆ ಅದು ಯಾವಾಗ ನ್ಯಾಯಾಂಗದ ಅಂಗಳಕ್ಕೆ ಕಾಲಿಟ್ಟಂತೆ, ಯಾವಾಗ ಅಲ್ಲ? ವಿದ್ಯಾರ್ಥಿಗಳು ಅತಿ ಹೆಚ್ಚು ಎಡವುವುದು ಈ ಪ್ರಶ್ನೆಯಲ್ಲಿ. ಗುಜರಾತಿನ ಭರೂಚ್ ಪುರಸಭೆಯ ಪ್ರಕರಣ ಇದಕ್ಕೆ ಅಳತೆಗೋಲು ಕೊಟ್ಟಿತು. ಆಸ್ತಿಯ ಬೆಲೆಯ ಮೇಲೆ ಶೇಕಡಾವಾರು ಲೆಕ್ಕ ಹಾಕಿ ಪುರಸಭೆ ತೆರಿಗೆ ಹಾಕುತ್ತಿತ್ತು. ಕಾಯ್ದೆಯಲ್ಲಿದ್ದ ಪದಕ್ಕೆ ವಾರ್ಷಿಕ ಬಾಡಿಗೆಯ ಮೇಲಿನ ತೆರಿಗೆ ಎಂದೇ ಅರ್ಥ ಎಂದು ಸುಪ್ರೀಂ ಕೋರ್ಟ್ ಅಹಮದಾಬಾದಿನ ಇನ್ನೊಂದು ಪ್ರಕರಣದಲ್ಲಿ ಹೇಳಿದ್ದರಿಂದ ಆ ಲೆಕ್ಕಾಚಾರ ನಿಲ್ಲಲಿಲ್ಲ. ಆಗ ಶಾಸನಸಭೆ ಆ ಪದದ ಅರ್ಥವನ್ನೇ ಹಿಂದಿನಿಂದ ಜಾರಿಗೆ ಬರುವಂತೆ ವಿಸ್ತರಿಸಿ ತೆರಿಗೆಯನ್ನು ಸಿಂಧುಗೊಳಿಸಿತು. ಪೃಥ್ವಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ, 1969ರಲ್ಲಿ, ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಅಳತೆಗೋಲು ಇಷ್ಟೇ: ಬದಲಾದ ಕಾನೂನು ಅಂದೇ ಇದ್ದಿದ್ದರೆ ನ್ಯಾಯಾಧೀಶರು ಆ ತೀರ್ಪನ್ನು ಕೊಡಲು ಸಾಧ್ಯವಿತ್ತೇ? ಸಾಧ್ಯವಿರಲಿಲ್ಲ ಎಂದಾದರೆ ತೀರ್ಪಿನ ಬುಡವೇ ಸರಿದಿದೆ, ಶಾಸಕಾಂಗ ತನ್ನ ಕೆಲಸ ಮಾಡಿದೆ. ಅದೇ ತೀರ್ಪು ಬರುತ್ತಿತ್ತು ಎಂದಾದರೆ, ಬುಡ ಹಾಗೇ ಇದೆ, ಶಾಸಕಾಂಗ ತೀರ್ಪಿನ ಕೊಂಬೆ ಮಾತ್ರ ಕಡಿದಿದೆ.

ಕಾನೂನಿನ ಮಾತು ಮಾತ್ರವಲ್ಲ, ಅದರ ಹಿಂದಿನ ವಾಸ್ತವಾಂಶವೂ ಈ ಬುಡದಲ್ಲಿ ಸೇರಿರಬಹುದು. ಕರ್ನಾಟಕದ ಬಡ್ತಿ ಮೀಸಲಾತಿಯ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟರೆ ಇದು ಸ್ಪಷ್ಟವಾಗುತ್ತದೆ. ಮೀಸಲಾತಿಯಲ್ಲಿ ಬಡ್ತಿ ಪಡೆದ ನೌಕರರಿಗೆ ಅದರ ಫಲವಾಗಿ ಜ್ಯೇಷ್ಠತೆಯನ್ನೂ ಕೊಡುವ ರಾಜ್ಯದ 2002ರ ಕಾಯ್ದೆಯ ಮುಖ್ಯ ಸೆಕ್ಷನ್‌ಗಳನ್ನು ಸುಪ್ರೀಂ ಕೋರ್ಟ್ 2017ರ ಫೆಬ್ರವರಿಯಲ್ಲಿ ಬಿ.ಕೆ. ಪವಿತ್ರಾ ಪ್ರಕರಣದಲ್ಲಿ ಅಸಿಂಧುಗೊಳಿಸಿತು. ಪ್ರಾತಿನಿಧ್ಯದ ಕೊರತೆಯೂ ಆಡಳಿತ ದಕ್ಷತೆಯ ಮೇಲಿನ ಪರಿಣಾಮವೂ ಏನೆಂದು ಅಂಕಿಅಂಶ ಕಲೆಹಾಕದೆ ಕಾಯ್ದೆ ಮಾಡಿದ್ದರಿಂದ ಅದು 14 ಮತ್ತು 16ನೇ ವಿಧಿಗಳಿಗೆ ಹೊಂದುವುದಿಲ್ಲ ಎಂಬುದು ಕಾರಣ. ಕೋರ್ಟಿನ ಸಾಲು ಮುಚ್ಚಿ ನೋಡಿ. ಕಾಯ್ದೆ ಮಾಡುವುದು ಶಾಸಕಾಂಗದ್ದೇ ಕೆಲಸ, ಯಾರ ಕೆಲಸಕ್ಕೂ ಅದು ಕೈ ಹಾಕಿಲ್ಲ. ದೋಷ ಮೂಲಭೂತ ಹಕ್ಕಿನ ಒರೆಯಲ್ಲಿ ಸಿಕ್ಕಿಬಿದ್ದದ್ದು. ಈ ತೀರ್ಪು ನ್ಯಾಯಿಕ ವಿಮರ್ಶೆಗೆ ನಿದರ್ಶನ.

ಆ ತೀರ್ಪಿನ ನಂತರ ಸರ್ಕಾರ ಹಿರಿಯ ಅಧಿಕಾರಿ ಕೆ. ರತ್ನಪ್ರಭಾ ಅವರ ಸಮಿತಿಯಿಂದ ಇಲಾಖಾವಾರು ಅಂಕಿಅಂಶ ತರಿಸಿಕೊಂಡಿತು. ಅದರ ಆಧಾರದ ಮೇಲೆ ಹೊಸ ಕಾಯ್ದೆ ಮಾಡಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದು ಅದು ಕಾನೂನಾಯಿತು. ಇದು ಕೋರ್ಟಿನ ತೀರ್ಪನ್ನೇ ಅಡ್ಡದಾರಿಯಲ್ಲಿ ರದ್ದು ಮಾಡಿದಂತೆ ಎಂದು ಮತ್ತೆ ಅರ್ಜಿಗಳು ಬಂದವು. 2019ರ ಮೇ 10ರಂದು ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಮೊದಲ ತೀರ್ಪು ಬೊಟ್ಟು ಮಾಡಿದ್ದು ಅಂಕಿಅಂಶ ಇಲ್ಲದ್ದನ್ನು. ಈಗ ಅದನ್ನು ಕಲೆಹಾಕಿ ಕೊರತೆ ತುಂಬಲಾಗಿದೆ, ಹಾಗಾಗಿ ಇದು ನ್ಯಾಯಾಂಗದ ಅಧಿಕಾರದ ಅತಿಕ್ರಮಣವಲ್ಲ ಎಂದಿತು. ಎರಡನೆಯ ತೀರ್ಪಿನ ಮುಖ್ಯ ಪ್ರಶ್ನೆಗಳಲ್ಲೊಂದು ಅಧಿಕಾರ ವಿಭಜನೆಯದು, ಉತ್ತರ ಮಾತ್ರ ‘ಉಲ್ಲಂಘನೆ ಆಗಿಲ್ಲ’. ಕಾನೂನು ಬೀಳದ ಪ್ರಸಂಗವೂ ಒಂದು ತತ್ತ್ವಕ್ಕೆ ನಿದರ್ಶನವಾಗಬಲ್ಲದು ಎನ್ನುವುದು ನೆನಪಿರಲಿ. ಸರ್ಕಾರ ಗೆದ್ದಿತೇ ಸೋತಿತೇ ಎಂದು ನೋಡಿ ತತ್ತ್ವ ಹುಡುಕಿದರೆ ಈ ಜೋಡಿ ನಿಮ್ಮನ್ನು ಖಂಡಿತ ದಾರಿ ತಪ್ಪಿಸುತ್ತದೆ.

ಇದಕ್ಕೆ ಎದುರು ಬದಿಯಲ್ಲಿ ನಿಲ್ಲುವುದು ಮುಲ್ಲಪೆರಿಯಾರ್. ಅಣೆಕಟ್ಟು ಸುರಕ್ಷಿತವಾಗಿದೆ, ನೀರಿನ ಮಟ್ಟವನ್ನು 136 ಅಡಿಯಿಂದ 142 ಅಡಿಗೆ ಏರಿಸಬಹುದು ಎಂದು 2006ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕೆಲವೇ ವಾರಗಳಲ್ಲಿ ಕೇರಳ ತನ್ನ ಕಾಯ್ದೆಗೆ ತಿದ್ದುಪಡಿ ತಂದು ಮಟ್ಟವನ್ನು ಮತ್ತೆ 136 ಅಡಿಗೆ ಕಟ್ಟಿಹಾಕಿತು. ಅಣೆಕಟ್ಟು ಸುರಕ್ಷಿತವೇ ಎಂಬುದು ವಾಸ್ತವಾಂಶದ ಪ್ರಶ್ನೆ, ಕೋರ್ಟು ಎರಡೂ ಕಡೆಯವರನ್ನು ಕೇಳಿ ಅದನ್ನು ತೀರ್ಮಾನಿಸಿ ಆಗಿತ್ತು. ಕೇರಳ ಆ ಬುಡವನ್ನು ಮುಟ್ಟಲಿಲ್ಲ, ಫಲಿತಾಂಶವನ್ನಷ್ಟೇ ತಿರುಗಿಸಿತು. 2014ರ ಮೇ 7ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿ ಮುಲ್ಲಪೆರಿಯಾರ್‌ಗೆ ಅನ್ವಯಿಸಿದಷ್ಟರ ಮಟ್ಟಿಗೆ ಅಸಾಂವಿಧಾನಿಕ ಎಂದಿತು, ಮತ್ತು ಕಾರಣವಾಗಿ ಅಧಿಕಾರ ವಿಭಜನೆಯನ್ನೇ ಹೆಸರಿಸಿತು.

ಈಗ, ಮುಚ್ಚಿದ ಸಾಲಿನಲ್ಲೇ ತಪ್ಪು ಕೂತಿರುವ ಪ್ರಸಂಗ. ಹರಿಯಾಣದ ಅರಾವಳಿ ಗಾಲ್ಫ್ ಕ್ಲಬ್‌ನಲ್ಲಿ ಮಾಲಿಗಳಾಗಿ ಸೇರಿದ ಇಬ್ಬರಿಂದ ವರ್ಷಗಟ್ಟಲೆ ಟ್ರ್ಯಾಕ್ಟರ್ ಓಡಿಸುವ ಕೆಲಸ ಮಾಡಿಸಿಕೊಂಡಿದ್ದರು. ತಮ್ಮನ್ನು ಟ್ರ್ಯಾಕ್ಟರ್ ಚಾಲಕರಾಗಿ ಕಾಯಂ ಮಾಡಿ ಎಂದು ಅವರು ಕೋರ್ಟಿಗೆ ಹೋದರು. ಅಂಥ ಹುದ್ದೆಯೇ ಅಲ್ಲಿ ಮಂಜೂರಾಗಿರಲಿಲ್ಲ. ಹುದ್ದೆ ಮಾಡಿಸಿ ಕಾಯಂಗೊಳಿಸಿ ಎಂಬ ಆದೇಶ ಕೆಳಹಂತದಲ್ಲಿ ಅವರಿಗೆ ಸಿಕ್ಕಿತು. ಆ ನೌಕರರ ಮೇಲೆ ನಮಗೆ ಕನಿಕರ ಹುಟ್ಟುವುದು ಸಹಜ, ನನಗೂ ಹುಟ್ಟುತ್ತದೆ. ಆದರೆ ಸುಪ್ರೀಂ ಕೋರ್ಟ್ 2007ರಲ್ಲಿ ಆ ಆದೇಶವನ್ನು ತೆಗೆದುಹಾಕಿತು. ಹುದ್ದೆ ಸೃಷ್ಟಿಸುವುದು ಶಾಸಕಾಂಗ, ಕಾರ್ಯಾಂಗಗಳ ಕೆಲಸ, ಅದರ ಹಿಂದೆ ಹಣಕಾಸಿನ ಲೆಕ್ಕವೂ ಇರುತ್ತದೆ, ಕೋರ್ಟು ಅದನ್ನು ಹೊತ್ತುಕೊಳ್ಳಬಾರದು ಎಂದಿತು. ಇಲ್ಲಿ ಗಡಿ ದಾಟಿದ್ದು ನ್ಯಾಯಾಂಗ. ಉತ್ತರ ಅಧಿಕಾರ ವಿಭಜನೆ. ಪ್ರಸಂಗದಲ್ಲಿ ಕೋರ್ಟು ‘ಇದು ನಮ್ಮ ಕೆಲಸವಲ್ಲ’ ಎಂದು ಹಿಂದೆ ಸರಿದರೆ ನ್ಯಾಯಿಕ ವಿಮರ್ಶೆ ಎಂದು ಬರೆಯುವ ಮುನ್ನ ಎರಡು ಸಲ ಯೋಚಿಸಿ.

ನಿಜಕ್ಕೂ ಕಷ್ಟದ್ದು ಬೊಮ್ಮಾಯಿ ಪ್ರಕರಣ. 1989ರ ಏಪ್ರಿಲ್‌ನಲ್ಲಿ ಸದನದಲ್ಲಿ ಬಹುಮತ ಸಾಬೀತು ಮಾಡುವ ಅವಕಾಶವನ್ನೇ ಕೊಡದೆ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು 356ನೇ ವಿಧಿಯಡಿ ವಜಾ ಮಾಡಲಾಯಿತು. ರಾಷ್ಟ್ರಪತಿಗಳಿಗೆ ಮನವರಿಕೆಯಾಗಿದೆ ಎಂದ ಮೇಲೆ ಕೋರ್ಟು ಅದರೊಳಗೆ ಇಣುಕಬಹುದೇ? 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಇಣುಕಬಹುದು, ಆದರೆ ಒಂದು ಮಟ್ಟದವರೆಗೆ ಎಂದಿತು. ಮನವರಿಕೆಗೆ ಆಧಾರವಾದ ಸಾಮಗ್ರಿ ಇತ್ತೇ, ಅದು ವಿಷಯಕ್ಕೆ ಸಂಬಂಧಿಸಿದ್ದೇ, ದುರುದ್ದೇಶವಿತ್ತೇ ಎಂದು ನೋಡಬಹುದು; ಆ ಸಾಮಗ್ರಿಯಿಂದ ಬೇರೆ ತೀರ್ಮಾನಕ್ಕೆ ಬರಬಹುದಿತ್ತು ಎಂದು ಹೇಳುವಂತಿಲ್ಲ. ಕಾರ್ಯಾಂಗಕ್ಕೂ ನ್ಯಾಯಾಂಗಕ್ಕೂ ಜಗಳ ಇರುವುದರಿಂದ ಅಧಿಕಾರ ವಿಭಜನೆ ಎಂದು ಬರೆಯುವ ಆಸೆಯಾಗುತ್ತದೆ. ಆದರೆ ಬೆರಳಿಟ್ಟು ನೋಡಿ: ಘೋಷಣೆ ಹೊರಡಿಸುವುದು ರಾಷ್ಟ್ರಪತಿಗಳದೇ ಅಧಿಕಾರ, ಅದರಲ್ಲಿ ಅತಿಕ್ರಮಣವಿಲ್ಲ. ಆ ಅಧಿಕಾರವನ್ನು ಬಳಸಿದ ರೀತಿಯನ್ನು ಕೋರ್ಟು ಪರೀಕ್ಷಿಸಬಹುದೇ, ಎಷ್ಟು ಎನ್ನುವುದೇ ಪ್ರಶ್ನೆ. ಆದ್ದರಿಂದ ನ್ಯಾಯಿಕ ವಿಮರ್ಶೆ. ಅದರ ಮಿತಿ ಎಲ್ಲಿಂದ ಬಂತು ಎಂದು ಉಪಪ್ರಶ್ನೆ ಕೇಳಿದ್ದರೆ ಆಗ ಅಧಿಕಾರ ವಿಭಜನೆಯನ್ನು ಒಂದು ವಾಕ್ಯದಲ್ಲಿ ಹೇಳಿ. ಪ್ರಶ್ನೆಯ ಕೊನೆಯ ಸಾಲನ್ನು ಮೊದಲು ಓದುವ ಅಭ್ಯಾಸ ಇಲ್ಲಿ ನೆರವಿಗೆ ಬರುತ್ತದೆ: ‘ಕೋರ್ಟು ಯಾವ ಅಧಿಕಾರ ಚಲಾಯಿಸಿತು’ ಎಂದು ಕೇಳಿದ್ದಾರೋ, ‘ಯಾವ ತತ್ತ್ವದ ಉಲ್ಲಂಘನೆಯಾಗಿದೆ’ ಎಂದು ಕೇಳಿದ್ದಾರೋ? ಮುಲ್ಲಪೆರಿಯಾರ್‌ಗೆ ಮೊದಲನೆಯದನ್ನು ಕೇಳಿದರೆ ನ್ಯಾಯಿಕ ವಿಮರ್ಶೆ ಎಂಬುದೇ ಸರಿಯುತ್ತರ.

ಕೊನೆಗೆ ಒಂದು ಕಲ್ಪಿತ ಪ್ರಸಂಗವನ್ನು ಬಿಡಿಸೋಣ. ರಾಜ್ಯವೊಂದರ ಕಾಯ್ದೆಯಂತೆ ಪುರಸಭೆಗಳು ‘ಮಾರುಕಟ್ಟೆ’ಯ ವ್ಯಾಪಾರಿಗಳಿಂದ ಶುಲ್ಕ ವಸೂಲಿ ಮಾಡಬಹುದು. ಕಾಯ್ದೆಯಲ್ಲಿ ಮಾರುಕಟ್ಟೆ ಎಂದರೆ ಚಾವಣಿಯಿರುವ ಕಟ್ಟಡ. ಬಯಲು ಸಂತೆಯಲ್ಲಿ ವಸೂಲಿ ಮಾಡಿದ ಶುಲ್ಕ ಅಕ್ರಮ, ಅರ್ಜಿದಾರರಿಗೆ ಹಣ ಹಿಂದಿರುಗಿಸಿ ಎಂದು ಹೈಕೋರ್ಟ್ ಆದೇಶಿಸುತ್ತದೆ. ವಿಧಾನಮಂಡಲ ಒಂದೇ ಸೆಕ್ಷನ್ನಿನ ಹೊಸ ಕಾಯ್ದೆ ಮಾಡುತ್ತದೆ: ತೀರ್ಪಿನಲ್ಲಿ ಏನೇ ಇದ್ದರೂ ಹಣ ಹಿಂದಿರುಗಿಸಬೇಕಾಗಿಲ್ಲ.

ಉತ್ತರವನ್ನು ಹೀಗೆ ಬರೆಯಬಹುದು. ‘ಈ ಪ್ರಸಂಗ ಅಧಿಕಾರ ವಿಭಜನೆಗೆ ನಿದರ್ಶನ. ಮಾರುಕಟ್ಟೆಯ ಅರ್ಥ ಹಾಗೇ ಉಳಿದಿದೆ, ಹೊಸ ಕಾಯ್ದೆ ಅಂದೇ ಇದ್ದಿದ್ದರೂ ಬಯಲು ಸಂತೆಯ ಶುಲ್ಕ ಅಕ್ರಮ ಎಂಬ ತೀರ್ಪೇ ಬರುತ್ತಿತ್ತು. ಹಾಗಾಗಿ ಶಾಸಕಾಂಗ ತೀರ್ಪಿನ ಆಧಾರವನ್ನು ಬದಲಿಸದೆ ಅದರ ಫಲವನ್ನಷ್ಟೇ ಅಳಿಸಿದೆ, ಅಂದರೆ ನ್ಯಾಯಾಂಗದ ಕೆಲಸ ಮಾಡಿದೆ. ಪೃಥ್ವಿ ಕಾಟನ್ ಮಿಲ್ಸ್ ಪ್ರಕರಣದ ಪರೀಕ್ಷೆಯಲ್ಲಿ ಇದು ನಿಲ್ಲುವುದಿಲ್ಲ.’ ನಾಲ್ಕು ವಾಕ್ಯ ಸಾಕು.

ಪ್ರಸಂಗವನ್ನು ಕೊಂಚ ತಿರುಗಿಸಿ. ಹೊಸ ಕಾಯ್ದೆ ಮಾರುಕಟ್ಟೆ ಎಂದರೆ ಬಯಲು ಸಂತೆಯೂ ಸೇರಿದೆ ಎಂದು ಮೊದಲ ದಿನದಿಂದಲೇ ಜಾರಿಗೆ ಬರುವಂತೆ ತಿದ್ದಿ, ಆ ಬಲದ ಮೇಲೆ ಶುಲ್ಕವನ್ನು ಸಿಂಧುಗೊಳಿಸಿದೆ. ಈಗ ಬುಡ ಸರಿದಿದೆ. ತತ್ತ್ವ ಅದೇ ಅಧಿಕಾರ ವಿಭಜನೆ, ಆದರೆ ಉಲ್ಲಂಘನೆ ಇಲ್ಲ. ಇನ್ನೊಮ್ಮೆ ತಿರುಗಿಸಿ. ಅದೇ ತಿದ್ದುಪಡಿ, ಆದರೆ ಹೊರಜಿಲ್ಲೆಯಿಂದ ಬರುವ ವ್ಯಾಪಾರಿಗಳಿಗೆ ಮಾತ್ರ, ಯಾವ ಕಾರಣವನ್ನೂ ಕೊಡದೆ, ನಾಲ್ಕು ಪಟ್ಟು ಶುಲ್ಕ ಎಂದಿದೆ. ಅವರಲ್ಲೊಬ್ಬ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಿ ಗೆಲ್ಲುತ್ತಾನೆ. ಹಳೆಯ ತೀರ್ಪಿನ ಕಥೆ ಪ್ರಸಂಗದಲ್ಲಿ ಎಷ್ಟೇ ಉದ್ದವಾಗಿದ್ದರೂ ಅದು ಈಗ ಹಿನ್ನೆಲೆ ಮಾತ್ರ. ದೋಷ ಇರುವುದು ಶುಲ್ಕದ ತಾರತಮ್ಯದಲ್ಲಿ, ಒರೆಗಲ್ಲು 14ನೇ ವಿಧಿ, ಉತ್ತರ ನ್ಯಾಯಿಕ ವಿಮರ್ಶೆ.